ಗಿಫ್ಟ್ ಬಾಕ್ಸ್ ಬುಕಿಂಗ್ ಸಂದೇಶ: ಬರೆಯುವ ಮೊದಲು ಭಟ್ಟರನ್ನು ಕೇಳಿ

ಸಣ್ಣ ಅಂಗಡಿಗಳಿಗೆ ವಾಟ್ಸ್ಆ್ಯಪ್ ಸಂದೇಶಗಳನ್ನು ಬರೆದುಕೊಡುವುದು ನನ್ನ ವೃತ್ತಿ. ದೀಪಾವಳಿಗೆ ಮೂರು ವಾರ ಇರುವಾಗ ಬಡಾವಣೆಯ ಸಿಹಿತಿಂಡಿ ಅಂಗಡಿಯವರು ಬಂದು ‘ಗಿಫ್ಟ್ ಬಾಕ್ಸ್ ಬುಕಿಂಗಿಗೆ ಒಂದು ಮೆಸೇಜ್ ಮಾಡಿಕೊಡಿ’ ಎಂದರೆ, ಯಾವ ದಿನ ಯಾವ ಸಿಹಿಯನ್ನು ಎಷ್ಟು ಕಿಲೋ ಮಾಡಲು ಸಾಧ್ಯವೆಂದು ಭಟ್ಟರನ್ನು ಕೇಳಿಕೊಂಡು ಬರುವಂತೆ ಮೊದಲು ಹೇಳುತ್ತೇನೆ. ಬೆಲೆ, ಬಾಕ್ಸಿನ ಬಣ್ಣ, ಶುಭಾಶಯದ ಸಾಲು ಇವೆಲ್ಲ ಆಮೇಲಿನ ಮಾತು. ಕೊನೆಯ ದಿನಾಂಕ ಯಾವುದು, ಬಾಕ್ಸಿನಲ್ಲಿ ಏನೇನು ಇರಬೇಕು, ಗಿರಾಕಿ ಯಾವ ದಿನ ಬಂದು ಒಯ್ಯಬೇಕು ಎಂಬ ಮೂರೂ ಒಲೆಯ ಮುಂದೆ ತೀರ್ಮಾನವಾಗುವ ಸಂಗತಿಗಳು.

2025ರ ದೀಪಾವಳಿಗೆ ಹೀಗೆ ಬಂದ ಒಬ್ಬರು ತಮ್ಮ ಹಿಂದಿನ ವರ್ಷದ ಸಂದೇಶವನ್ನು ತೋರಿಸಿದರು. ನಾಲ್ಕು ಸಾಲಿನ ಶುಭಾಶಯ, ಅದರ ಕೆಳಗೆ ಬಾಕ್ಸುಗಳ ಚಿತ್ರ, ಕೊನೆಯಲ್ಲಿ ‘ಮುಂಗಡ ಬುಕಿಂಗ್ ಆರಂಭವಾಗಿದೆ, ಬೇಗ ಆರ್ಡರ್ ಮಾಡಿ’ ಎಂಬ ಒಂದು ಸಾಲು ಇದ್ದವು. ಅದಕ್ಕೆ ಬಂದ ಉತ್ತರಗಳನ್ನು ನಾವಿಬ್ಬರೂ ಕುಳಿತು ಓದಿದೆವು. ಬಹುಪಾಲು ಜನ ಬೆಲೆ ಎಷ್ಟೆಂದು ಕೇಳಿದ್ದರು. ಒಬ್ಬ ಹಳೆಯ ಗಿರಾಕಿ ‘ಅಣ್ಣ, ನಮಗೆ ಆರು ಬಾಕ್ಸ್ ಎತ್ತಿಡಿ’ ಎಂದು ಬರೆದಿದ್ದರು. ಇವರೂ ‘ಆಯ್ತಮ್ಮ’ ಎಂದು ಉತ್ತರಿಸಿ ಪುಸ್ತಕದಲ್ಲಿ ಆರು ಎಂದು ಗುರುತು ಹಾಕಿಕೊಂಡಿದ್ದರು. ಆ ತಾಯಿಯ ಮನಸ್ಸಿನಲ್ಲಿದ್ದದ್ದು ಒಂದು ಕಿಲೋ ಬಾಕ್ಸು, ಎರಡು ದಿನ ಮೊದಲೇ ಬೇಕು, ರಾತ್ರಿ ಬಸ್ಸಿನಲ್ಲಿ ಊರಿಗೆ ಒಯ್ಯಬೇಕು. ಇವರು ತೆಗೆದಿಟ್ಟಿದ್ದು ಪೇಡಾ ತುಂಬಿದ ಅರ್ಧ ಕಿಲೋ ಬಾಕ್ಸು, ಅದೂ ಹಬ್ಬದ ಹಿಂದಿನ ದಿನಕ್ಕೆ. ಇಬ್ಬರದೂ ತಪ್ಪಿಲ್ಲ; ಉತ್ತರದಲ್ಲಿ ಏನೇನು ಬರೆಯಬೇಕೆಂದು ಸಂದೇಶವೇ ಹೇಳಿರಲಿಲ್ಲ.

ಆದ್ದರಿಂದ ಈ ಸಲ ಭಟ್ಟರ ಲೆಕ್ಕದಿಂದಲೇ ಶುರುಮಾಡಿದೆವು. ಹಬ್ಬಕ್ಕೆ ಮುಂಚಿನ ಎರಡು ದಿನಗಳಲ್ಲಿ ತುಪ್ಪದ ಸಿಹಿಯನ್ನು ಒಟ್ಟು 120 ಕಿಲೋ ಮಾಡಬಹುದು, ಅದರಲ್ಲಿ 40 ಕಿಲೋ ಕೌಂಟರಿನ ಬಿಡಿ ಮಾರಾಟಕ್ಕೆ ಬೇಕು ಎಂದು ಅವರು ಹೇಳಿದರು. ಉಳಿದ 80 ಕಿಲೋದಲ್ಲಿ ಅರ್ಧ ಕಿಲೋದ 100 ಬಾಕ್ಸು, ಒಂದು ಕಿಲೋದ 30 ಬಾಕ್ಸು ಆಗುತ್ತವೆ. ಹಾಲಿನ ಸಿಹಿಯ ಮಾತೇ ಬೇರೆ. ಅದನ್ನು ಕೊಡುವ ದಿನ ಬೆಳಿಗ್ಗೆಯೇ ಮಾಡಬೇಕು, ಬಾಕ್ಸುಗಳಿಗೆ 20 ಕಿಲೋಗಿಂತ ಹೆಚ್ಚು ಸಿಗದು, ಅಂದರೆ ಅರ್ಧ ಕಿಲೋದ 40 ಬಾಕ್ಸು ಮಾತ್ರ. ಮೈಸೂರು ಪಾಕನ್ನೂ ಪೇಡಾವನ್ನೂ ಒಂದೇ ಬಾಕ್ಸಿನಲ್ಲಿ ಇಟ್ಟರೆ ಇಡೀ ಬಾಕ್ಸಿನ ಆಯುಸ್ಸು ಪೇಡಾದಷ್ಟೇ ಆಗುತ್ತದೆ. ಉಡುಗೊರೆಯ ಬಾಕ್ಸು ಕೊಂಡವರ ಮನೆಯಲ್ಲಿ ಒಂದು ದಿನ, ಪಡೆದವರ ಮನೆಯಲ್ಲಿ ಇನ್ನೊಂದು ದಿನ ತೆರೆಯದೇ ಕೂರುವುದು ಸಾಮಾನ್ಯ, ಹಾಗಾಗಿ ಎರಡನ್ನೂ ಬೇರೆ ಮಾಡಲೇಬೇಕೆಂದು ನಾನು ಹಟ ಹಿಡಿದೆ. 2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿಯ ಟ್ರೇಗಳ ಮೇಲೆ ಯಾವ ದಿನದೊಳಗೆ ತಿನ್ನಬೇಕೆಂಬ ದಿನಾಂಕವನ್ನು ತೋರಿಸುವುದು ಕಡ್ಡಾಯವಾಗಿದೆ. ಕೌಂಟರಿನಲ್ಲಿ ಹೇಳುವ ಆ ಮಾತನ್ನು ಬುಕಿಂಗ್ ಸಂದೇಶದಲ್ಲಿ ಮುಚ್ಚಿಡುವುದು ನ್ಯಾಯವಲ್ಲ.

ನಾವು ಕೊನೆಗೆ ಕಳಿಸಿದ್ದು ಇದು:

```
*ದೀಪಾವಳಿ ಗಿಫ್ಟ್ ಬಾಕ್ಸ್: ಬುಕಿಂಗ್ ಅ. 12, ಭಾನುವಾರ ರಾತ್ರಿ 8ರವರೆಗೆ*

ತುಪ್ಪದ ಬಾಕ್ಸ್: ಮೈಸೂರು ಪಾಕ್, ಬೇಸನ್ ಲಾಡು, ಬಾದುಷಾ.
ಅರ್ಧ ಕಿಲೋ 420 ರೂ., ಒಂದು ಕಿಲೋ 820 ರೂ.
ಅ. 18 ಶನಿವಾರ ಅಥವಾ ಅ. 19 ಭಾನುವಾರ ಒಯ್ಯಬಹುದು.

ಹಾಲಿನ ಬಾಕ್ಸ್: ಪೇಡಾ, ಹಾಲುಕೋವಾ.
ಅರ್ಧ ಕಿಲೋ 450 ರೂ. ಭಾನುವಾರ ಮಾತ್ರ.
ಮರುದಿನದೊಳಗೆ ತಿನ್ನಬೇಕು, ದೂರದ ಊರಿಗೆ ಬೇಡ.

ಬೆಲೆ ತೆರಿಗೆ ಸೇರಿ. ತೂಕ ಸಿಹಿಯದು ಮಾತ್ರ, ಬಾಕ್ಸಿನದಲ್ಲ.

ಆರ್ಡರಿಗೆ ಹೀಗೆ ಬರೆಯಿರಿ:
ಸರೋಜಾ, ತುಪ್ಪ ಅರ್ಧ ಕಿಲೋ 6, ಶನಿವಾರ ಸಂಜೆ

ಅರ್ಧ ಹಣ ಬಂದ ಮೇಲೆ ಬುಕಿಂಗ್ ಖಚಿತ.
ಹಬ್ಬದ ಶುಭಾಶಯಗಳು.
```

ಶುಭಾಶಯವನ್ನು ಕೊನೆಗೆ ಇಟ್ಟಿದ್ದಕ್ಕೆ ಅಂಗಡಿಯವರು ಮೊದಲು ಒಪ್ಪಲಿಲ್ಲ. ಆದರೆ ಫೋನಿನ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ, ಹಬ್ಬದ ದಿನಗಳಲ್ಲಿ ಎಲ್ಲ ಅಂಗಡಿಗಳ ಸಂದೇಶವೂ ಶುಭಾಶಯದಿಂದಲೇ ಶುರುವಾಗುವುದರಿಂದ ಜನ ಅದನ್ನು ತೆರೆಯದೆ ಮುಂದೆ ಹೋಗುತ್ತಾರೆ. ಕೊನೆಯ ದಿನಾಂಕ ಆ ಸಾಲಿನಲ್ಲೇ ಇದ್ದರೆ, ತೆರೆಯದವರಿಗೂ ಅದು ತಲುಪಿರುತ್ತದೆ. ಬೆಲೆಯನ್ನು ಚಿತ್ರದೊಳಗೆ ಮಾತ್ರ ಬರೆಯುವುದೂ ಬೇಡ: ಚಿತ್ರ ಡೌನ್‌ಲೋಡ್ ಆಗದ ಫೋನಿನಲ್ಲಿ ಬೆಲೆಯೂ ಕಾಣುವುದಿಲ್ಲ. ಚಿತ್ರ ಕಳಿಸಲೇಬೇಕೆಂದರೆ ತೆರೆದ ಬಾಕ್ಸಿನ ಒಂದೇ ಫೋಟೋ ಸಾಕು.

ಈ ಸಂದೇಶದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಸರೋಜಾ ಎಂಬ ಮಾದರಿ ಸಾಲಿನ ಮೇಲೆ. ‘ಹೆಸರು, ಬಾಕ್ಸಿನ ಬಗೆ, ಸಂಖ್ಯೆ, ದಿನ ತಿಳಿಸಿ’ ಎಂದು ಬರೆದರೆ ಜನ ಓದುತ್ತಾರೆ, ಆದರೆ ಹಾಗೆ ಬರೆಯುವುದಿಲ್ಲ. ಸಿದ್ಧ ಸಾಲೊಂದನ್ನು ಕಣ್ಣ ಮುಂದೆ ಇಟ್ಟರೆ ಅದನ್ನೇ ನೋಡಿಕೊಂಡು ತಮ್ಮ ಹೆಸರು, ಸಂಖ್ಯೆಗಳನ್ನು ಹಾಕಿ ಕಳಿಸುತ್ತಾರೆ. ಪ್ಯಾಕಿಂಗ್ ಮಾಡುವ ಹುಡುಗ ಆ ಸಾಲನ್ನು ಹಾಗೆಯೇ ಚೀಟಿಯ ಮೇಲೆ ಬರೆದು ಬಾಕ್ಸಿಗೆ ಅಂಟಿಸಬಹುದು.

ತೂಕದ ಸಾಲು ಸಣ್ಣದಾಗಿ ಕಂಡರೂ ಅದನ್ನು ಬಿಡಬೇಡಿ. ಬಾಕ್ಸಿನ ಸಮೇತ ತೂಗುತ್ತಾರೆಂಬ ಅನುಮಾನ ಗಿರಾಕಿಗಳಲ್ಲಿ ಹಳೆಯದು, ನಿವ್ವಳ ತೂಕದಲ್ಲಿ ಬಾಕ್ಸು ಸೇರಬಾರದೆಂಬುದೇ ನಿಯಮ. ಬಾಕ್ಸಿನ ಸಮೇತ ತೂಗುವ ಅಂಗಡಿ ಆ ಸಾಲನ್ನು ಬರೆಯುವ ಮೊದಲು ತಕ್ಕಡಿಯನ್ನು ಸರಿಮಾಡಿಕೊಳ್ಳಲಿ.

ಇನ್ನು ಕಳಿಸುವ ಕ್ರಮ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನಷ್ಟೇ ಸೇರಿಸಬಹುದು. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಮುಟ್ಟುತ್ತದೆ. ನೀವು ಅವರ ನಂಬರನ್ನು ಸೇವ್ ಮಾಡಿಕೊಂಡರೆ ಸಾಲದು. ‘ಎಲ್ಲರಿಗೂ ಕಳಿಸಿದೆ, ಯಾರೂ ಉತ್ತರಿಸಲಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಪರೀಕ್ಷಿಸುವುದು ಸುಲಭ: ಕಳಿಸಿದ ಮರುದಿನ ಆ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿಯನ್ನು ತೆರೆದರೆ, ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಹೆಸರುಗಳು ಕಾಣುತ್ತವೆ. ಎರಡರಲ್ಲೂ ಇಲ್ಲದ ಖಾಯಂ ಗಿರಾಕಿಗಳಿಗೆ ಅದೇ ಸಂದೇಶವನ್ನು ಒಬ್ಬೊಬ್ಬರಿಗೇ ಕಳಿಸಬೇಕು. ಕಚೇರಿಗೆಂದು ಐವತ್ತು, ನೂರು ಬಾಕ್ಸು ಒಯ್ಯುವವರನ್ನು ನಾನು ಈ ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. ಅಂಥ ಒಂದೇ ಆರ್ಡರ್ ಇಡೀ ಬಡಾವಣೆಯ ಬಾಕ್ಸುಗಳನ್ನು ನುಂಗಿಬಿಡಬಹುದು, ಅವರೊಂದಿಗೆ ಫೋನಿನಲ್ಲಿ ಮಾತನಾಡಿ ಭಟ್ಟರ ಲೆಕ್ಕವನ್ನು ಬೇರೆಯಾಗಿ ಹಾಕಬೇಕು.

ಉತ್ತರಗಳು ಒಬ್ಬೊಬ್ಬರ ಚಾಟಿನಲ್ಲಿ ಪ್ರತ್ಯೇಕವಾಗಿ ಬರುವುದರಿಂದ ಒಟ್ಟು ಎಷ್ಟಾಯಿತೆಂದು ಯಾವ ಪರದೆಯೂ ತೋರಿಸುವುದಿಲ್ಲ. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪಿನಲ್ಲಿ ಹಣ ಬಾಕಿ ಇರುವವರಿಗೆ ಒಂದು ಲೇಬಲ್, ಹಣ ಬಂದವರಿಗೆ ಇನ್ನೊಂದು ಲೇಬಲ್ ಹಾಕಿ, ರಾತ್ರಿ ಅಂಗಡಿ ಮುಚ್ಚುವಾಗ ಹಣ ಬಂದವರ ಬಾಕ್ಸುಗಳನ್ನು ಮಾತ್ರ ಪುಸ್ತಕದಲ್ಲಿ ಕೂಡಿಸುವುದನ್ನು ಇವರಿಗೆ ರೂಢಿ ಮಾಡಿಸಿದೆ. ಹಾಲಿನ ಬಾಕ್ಸುಗಳ ಲೆಕ್ಕ ಶುಕ್ರವಾರ ರಾತ್ರಿಯೇ 40 ಮುಟ್ಟಿತು. ಆ ಹೊತ್ತಿಗೆ ಬೇಕಾಗುವುದೆಂದು ಮೊದಲೇ ಬರೆದಿಟ್ಟಿದ್ದ ಎರಡು ಸಾಲನ್ನು ಶನಿವಾರ ಬೆಳಿಗ್ಗೆ ಅದೇ ಪಟ್ಟಿಗೆ ಕಳಿಸಿದೆವು: ‘ಹಾಲಿನ ಬಾಕ್ಸ್ ಬುಕಿಂಗ್ ಮುಗಿದಿದೆ. ತುಪ್ಪದ ಬಾಕ್ಸ್ ನಾಳೆ ರಾತ್ರಿ 8ರವರೆಗೆ ಬುಕ್ ಮಾಡಬಹುದು.’ ಅದಾದ ಮೇಲೆಯೂ ಪೇಡಾ ಕೇಳಿದವರಿಗೆ ಅ. 19ರ ಭಾನುವಾರ ಬೆಳಿಗ್ಗೆ ಕೌಂಟರಿಗೆ ಬಂದರೆ ಬಿಡಿಯಾಗಿ ಕಾಲು ಕಿಲೋ ಸಿಗಬಹುದೆಂದು, ಬಾಕ್ಸು ಮಾತ್ರ ಇಲ್ಲವೆಂದು ಅಂಗಡಿಯವರೇ ಉತ್ತರಿಸಿದರು.