ಪೇಪರ್ ಮಿಲ್‌ನಲ್ಲಿ ಸ್ಟ್ರೈಕ್, ನಾನು ಕ್ಲೈಂಟ್‌ಗೆ ಏನಂತ ನೋಟಿಸ್ ಬರೀಲಿ?

ಪ್ರಶ್ನೆ: ಸರ್, ತುಮಕೂರು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದು ಕಾರ್ಟನ್ ಬಾಕ್ಸ್ ಯೂನಿಟ್. ನಮಗೆ ಕ್ರಾಫ್ಟ್ ಪೇಪರ್ ಕೊಡೋ ಮಿಲ್‌ನಲ್ಲಿ ಫೆಬ್ರವರಿ 9ರಿಂದ ಸ್ಟ್ರೈಕ್, ಗೇಟ್ ಬಂದ್. ಆರ್ಡರ್ ತಗೊಂಡಿದೀವಿ, ಪೇಪರ್ ಇಲ್ಲ. ಫೋರ್ಸ್ ಮಜೂರ್ ನೋಟಿಸ್ ಕಳಿಸಿದ್ರೆ ಡೆಲಿವರಿ ಡೇಟ್ ಕ್ಯಾನ್ಸಲ್ ಆಗೋಗುತ್ತಾ?

ಉತ್ತರ: ಆಗಲ್ಲ. ಈ ಪ್ರಶ್ನೆ ನನ್ನತ್ರ ವರ್ಷಕ್ಕೆ ನಾಕೈದು ಸಲ ಬರುತ್ತೆ, ಒಂದ್ಸಲ ಸ್ಟ್ರೈಕು ಒಂದ್ಸಲ ಮಳೆ ಒಂದ್ಸಲ ಸಪ್ಲೈಯರ್ ಗೋಡೌನಿಗೆ ಬೆಂಕಿ, ಕೇಳೋ ಎಲ್ರ ಮನಸ್ಸಲ್ಲೂ ಇರೋದು ಒಂದೇ, ಆ ಪದ ಬರೆದುಬಿಟ್ರೆ ಆರ್ಡರ್ ತಲೆ ಮೇಲಿಂದ ಇಳಿಯುತ್ತೆ ಅಂತ. (ಅಂದಹಾಗೆ ಇದು ಫ್ರೆಂಚ್ ಪದ, ನಮ್ಮ ಮಜೂರಿಗೂ ಇದಕ್ಕೂ ಸಂಬಂಧ ಇಲ್ಲ.) ಅದು ಮಾಡೋದು ಇಷ್ಟೇ, ನಿಮ್ಮ ಕೈ ಮೀರಿದ್ದು ಎಷ್ಟು ಮಾಲನ್ನ ತಡೆದಿದೆಯೋ ಅಷ್ಟು ಮಾಲಿಗೆ, ಎಷ್ಟು ದಿನ ತಡೆದಿದೆಯೋ ಅಷ್ಟು ದಿನ ಗಡಿಯಾರ ನಿಲ್ಲಿಸುತ್ತೆ. ತಡೆ ಹೋದ್ಮೇಲೆ ಗಡಿಯಾರ ಮತ್ತೆ ಓಡುತ್ತೆ, ಮಾಲು ಕೊಡ್ಲೇಬೇಕು.

ಅದೂ ಪಿಒದಲ್ಲಿ, ಅಂದ್ರೆ ಕ್ಲೈಂಟ್ ಕೊಟ್ಟ ಪರ್ಚೇಸ್ ಆರ್ಡರಲ್ಲಿ, ಆ ಷರತ್ತು ಇದ್ರೆ ಮಾತ್ರ. ನಮ್ಮ 1872ರ ಕಾಂಟ್ರಾಕ್ಟ್ ಆಕ್ಟ್‌ನಲ್ಲಿ ಫೋರ್ಸ್ ಮಜೂರ್ ಅನ್ನೋ ಹೆಸರೇ ಇಲ್ಲ. ಷರತ್ತು ಇಲ್ದೋರಿಗೆ ಉಳಿಯೋದು ಸೆಕ್ಷನ್ 56, ಅದು ಒಪ್ಪಂದ ಮಾಡೋಕೇ ಅಸಾಧ್ಯ ಆದಾಗ ಒಪ್ಪಂದಾನೇ ಸತ್ತೋಯ್ತು ಅನ್ನೋ ಸೆಕ್ಷನ್, ಎರಡು ವಾರ ಲೇಟಾಗುತ್ತೆ ಅನ್ನೋರಿಗೆ ಅದು ಉಪಯೋಗಕ್ಕೆ ಬರಲ್ಲ.

ಇವರ ಕಾಗದಪತ್ರಗಳನ್ನೆಲ್ಲ ತರಿಸ್ಕೊಂಡು ನೋಡಿದೆ, ಕೇಳಿದೋರ ಒಪ್ಪಿಗೆ ತಗೊಂಡೇ ಲೆಕ್ಕ ಬಿಚ್ಚಿಡ್ತಿದೀನಿ. ನರಸಾಪುರದ ಒಂದು ಜ್ಯೂಸ್ ಫ್ಯಾಕ್ಟರಿದು 20,000 ಬಾಕ್ಸ್, ಡೇಟ್ ಫೆಬ್ರವರಿ 25. ಅದೇ ಫ್ಯಾಕ್ಟರಿದು ಹಳೇ ಪಿಒದಲ್ಲಿ 4,000 ಬಾಕಿ, ಅದರ ಡೇಟು ಫೆಬ್ರವರಿ 5ಕ್ಕೇ ಮುಗಿದಿತ್ತು. ಮೂರನೇದು ಚಿಕ್ಕಬಳ್ಳಾಪುರದ ದ್ರಾಕ್ಷಿ ವ್ಯಾಪಾರಿದು, 6,000 ಸಣ್ಣ ಬಾಕ್ಸು, 20ನೇ ತಾರೀಕಿಗೆ, ವಾಟ್ಸಾಪಲ್ಲಿ ಆರ್ಡರು, 20,000 ರೂಪಾಯಿ ಅಡ್ವಾನ್ಸು. ಗೋಡೌನಲ್ಲಿ ಇದ್ದ ಪೇಪರ್ 6 ಟನ್ ಚಿಲ್ಲರೆ.

ಓನರ್ ಬರೆದಿದ್ದ ಡ್ರಾಫ್ಟ್ ಎರಡೇ ಸಾಲು. ಸ್ಟ್ರೈಕ್ ಕಾರಣ ಫೋರ್ಸ್ ಮಜೂರ್ ಅನ್ವಯಿಸಿದೆ, ನಮ್ಮ ಎಲ್ಲಾ ಡೆಲಿವರಿಗಳನ್ನೂ ಅನಿರ್ದಿಷ್ಟಾವಧಿಗೆ ಮುಂದೂಡಲಾಗಿದೆ, ಸಹಕರಿಸಿ ಅಂತ. ಇದೇ ನೋಟಿಸನ್ನ ಮೂರು ಆರ್ಡರಿಗೂ ಕಳಿಸೋ ಪ್ಲಾನು. ನಾನು ಅಂದೆ, ಅಣ್ಣ ಇದರಲ್ಲಿ ಸುಳ್ಳು ಮೂರಿವೆ, ಒಂದೊಂದಾಗಿ ತೆಗೀರಿ.

ಮೊದಲನೇದು ಆ ಹಳೇ 4,000. ಸ್ಟ್ರೈಕ್ ಶುರುವಾಗಿದ್ದು 9ಕ್ಕೆ, ಡೇಟ್ ಮುಗಿದಿದ್ದು 5ಕ್ಕೆ. ನಾಕು ದಿನ ಮುಂಚೇನೇ ನೀವು ಲೇಟು, ಆಗ ಪೇಪರ್ ಬರ್ತಾನೇ ಇತ್ತು. ಮೊದಲೇ ತಪ್ಪಿದ ಮಾತನ್ನ ಆಮೇಲೆ ಬಂದ ಆಪತ್ತಿನ ಕೆಳಗೆ ಬಚ್ಚಿಡೋಕಾಗಲ್ಲ ಅಂತ ಕೋವಿಡ್ ಟೈಮಲ್ಲೇ, 2020ರ ಮೇ ತಿಂಗಳಲ್ಲಿ, ಹ್ಯಾಲಿಬರ್ಟನ್ ವರ್ಸಸ್ ವೇದಾಂತ ಕೇಸಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಇವರ ಪಿಒದಲ್ಲಿ ಲೇಟಾದ್ರೆ ವಾರಕ್ಕೆ ಅರ್ಧ ಪರ್ಸೆಂಟ್ ಕಟ್. ಬಾಕ್ಸಿಗೆ 30 ರೂಪಾಯಿ ಅಂದ್ರೆ 4,000ಕ್ಕೆ 1,20,000, ಅದರ ಅರ್ಧ ಪರ್ಸೆಂಟು 600 ರೂಪಾಯಿ. ವಾರಕ್ಕೆ ಆರುನೂರು ರೂಪಾಯಿ ಉಳಿಸೋಕೆ ಹೋಗಿ ಇದನ್ನೂ ನೋಟಿಸಲ್ಲಿ ಸೇರಿಸಿದ್ರೆ ಅವರ ಪರ್ಚೇಸ್ ಮ್ಯಾನೇಜರ್ ಮೊದಲು ಹಿಡಿಯೋದೇ ಈ ಡೇಟನ್ನ, ಆಮೇಲೆ ನೀವು ಬರೆದ ನಿಜಾನೂ ನಂಬಲ್ಲ. ಅದಕ್ಕೇ ಇರೋ ಪೇಪರಲ್ಲಿ ಮೊದಲು ಈ 4,000 ಮುಗಿಸಿ ಅಂದೆ.

ಎರಡನೇ ಸುಳ್ಳು "ಎಲ್ಲಾ ಡೆಲಿವರಿ". 6 ಟನ್ ಗೋಡೌನಲ್ಲಿ ಇಟ್ಕೊಂಡು ಎಲ್ಲಾ ನಿಂತೋಯ್ತು ಅನ್ನೋಕಾಗಲ್ಲ. ಜ್ಯೂಸ್ ಬಾಕ್ಸ್ ಒಂದಕ್ಕೆ ಅರ್ಧ ಕೆಜಿ ಪೇಪರ್ರು, ದ್ರಾಕ್ಷಿ ಬಾಕ್ಸಿಗೆ 400 ಗ್ರಾಮು, ಕಟಿಂಗ್ ವೇಸ್ಟ್ 5 ಪರ್ಸೆಂಟ್ ಇಟ್ಕೊಳಿ. ಹಳೇ 4,000ಕ್ಕೆ 2.1 ಟನ್ ಹೋಯ್ತು, ಉಳಿದಿದ್ದು 3.9. ಹೊಸಾ ಎರಡು ಆರ್ಡರಿಗೂ ಸೇರಿ ಬೇಕಿರೋದು 13 ಟನ್, ಅಂದ್ರೆ ಮೂವತ್ತು ಪರ್ಸೆಂಟ್ ಮಾಡಬಹುದು. ಜ್ಯೂಸ್‌ನೋರಿಗೆ 6,000, ದ್ರಾಕ್ಷಿಯೋರಿಗೆ 1,800, ಇಬ್ಬರಿಗೂ ಟೈಮಿಗೇ. ಸ್ಟ್ರೈಕ್ ತಡೆದಿದ್ದು ಉಳಿದ 14,000 ಮತ್ತೆ 4,200 ಅಷ್ಟೇ.

ಇಲ್ಲಿ ಒಂದು ಆಸೆ ಬರುತ್ತೆ. ಇವರಿಗೂ ಬಂದಿತ್ತು, ಮಾರ್ಕೆಟಲ್ಲಿ ಬಾಕ್ಸ್ ಶಾರ್ಟೇಜು, ಹೊಸಾ ಗಿರಾಕಿ ಒಬ್ಬ ಮೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂತ ಬಂದಿದ್ದ. ಆ 3.9 ಟನ್ನನ್ನ ಅವನಿಗೆ ಹಾಕಿ ಹಳೇ ಗಿರಾಕಿಗೆ ಫೋರ್ಸ್ ಮಜೂರ್ ಅಂದ್ರೆ, ಆಗ ಮಾಲು ತಪ್ಪಿಸಿದ್ದು ಸ್ಟ್ರೈಕ್ ಅಲ್ಲ, ನೀವು. ಸ್ಟಾಕ್ ರಿಜಿಸ್ಟರು ಜಿಎಸ್‌ಟಿ ಬಿಲ್ಲು ಎರಡನ್ನೂ ಪಕ್ಕ ಇಟ್ಟು ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ.

ಇನ್ನ ಆ 14,000ಕ್ಕಾದ್ರೂ ಷರತ್ತು ಅನ್ವಯಿಸುತ್ತಾ? ಇದು ನಿಜವಾಗ್ಲೂ ಕಷ್ಟದ ಜಾಗ. ಪಿಒ ಷರತ್ತಲ್ಲಿ "ಸ್ಟ್ರೈಕ್" ಅಂತ ಇದ್ದ ಮಾತ್ರಕ್ಕೆ ಸಪ್ಲೈಯರ್ ಸ್ಟ್ರೈಕ್ ನಿಮ್ಮದಾಗಲ್ಲ, ಕೆಲವು ಪಿಒದಲ್ಲಿ ನಿಮ್ಮ ಸ್ವಂತ ಕೆಲಸಗಾರರ ಸ್ಟ್ರೈಕ್ ಬಿಟ್ಟು ಅಂತ ಇರುತ್ತೆ, ಕೆಲವಲ್ಲಿ ಸಬ್ ಸಪ್ಲೈಯರ್‌ದೂ ಸೇರಿ ಅಂತ ಇರುತ್ತೆ, ಒಂದು ಪದದ ಮೇಲೆ ಕೇಸ್ ತಿರುಗುತ್ತೆ. ಇವರ ಅದೃಷ್ಟ, ಇವರ ಪಿಒದಲ್ಲಿ ಸಬ್ ಸಪ್ಲೈಯರ್ ಅಂತಾನೇ ಇತ್ತು. ಆದ್ರೂ ಕ್ಲೈಂಟ್ ಕೇಳೋ ಮೊದಲ ಪ್ರಶ್ನೆ, ದೇಶದಲ್ಲಿ ಅದೊಂದೇ ಮಿಲ್ಲಾ ಇರೋದು?

ಅದಕ್ಕೆ ಉತ್ತರ ಕೈಯಲ್ಲಿ ಇರ್ಬೇಕು. ಇವರು ಮೂರು ಮಿಲ್‌ಗೆ ಮೇಲ್ ಹಾಕಿದ್ರು. ಎರಡು ಮಿಲ್‌ನೋರು ಈ ಬಾಕ್ಸಿಗೆ ಬೇಕಾದ 22 ಬಿಎಫ್ ಪೇಪರ್ ತಿಂಗಳ ಕೊನೇವರೆಗೂ ಇಲ್ಲ ಅಂದ್ರು. ಮೂರನೇ ಮಿಲ್ಲಲ್ಲಿ 20 ಬಿಎಫ್ ಮಾತ್ರ ಇತ್ತು, ಬಿಎಫ್ ಅಂದ್ರೆ ಪೇಪರ್ ಹರಿಯೋ ಮುಂಚೆ ಎಷ್ಟು ಒತ್ತಡ ತಡೆಯುತ್ತೆ ಅನ್ನೋ ಅಳತೆ. ಅದರಲ್ಲಿ ಮಾಡಿಕೊಡ್ಲಾ ಅಂತ ಕೇಳಿದ್ರೆ ಫ್ಯಾಕ್ಟರಿಯೋರು ಬೇಡ ಅಂದ್ರು, ಗೋಡೌನಲ್ಲಿ ಬಾಟ್ಲಿ ತುಂಬಿದ ಬಾಕ್ಸು ಆರು ಸಾಲು ಎತ್ತರ ಪೇರಿಸ್ತಾರಂತೆ, ಕೆಳಗಿಂದು ಕೂರುತ್ತೆ. ಕೇಳದೇನೇ 20 ಬಿಎಫ್ ಹಾಕಿ ಕಳಿಸೋರೂ ಇದಾರೆ, ಅವರ ಕಥೆ ಬೇರೆ. ಆ ಮೂರು ಮೇಲು, ಆ ಬೇಡ ಅನ್ನೋ ಉತ್ತರ, ಈ ನೋಟಿಸಿನ ಜೀವ ಇರೋದು ಅದರಲ್ಲೇ.

ಒಂದು ವೇಳೆ 22 ಬಿಎಫ್ಫೇ ಸಿಗ್ತಿದ್ದು ಕೆಜಿಗೆ 6 ರೂಪಾಯಿ ಜಾಸ್ತಿ ಆಗಿದ್ರೆ? 14,000 ಬಾಕ್ಸಿಗೆ 7.35 ಟನ್ನು, ಸುಮಾರು 44,000 ರೂಪಾಯಿ ಕೈಯಿಂದ ಹೋಗೋದು. ಹೋದ್ರೂ ತರ್ಬೇಕಿತ್ತು. ರೇಟ್ ಏರಿಕೆ ಫೋರ್ಸ್ ಮಜೂರ್ ಅಲ್ಲ, 2017ರಲ್ಲಿ ಎನರ್ಜಿ ವಾಚ್‌ಡಾಗ್ ಕೇಸಲ್ಲಿ ಇಂಡೋನೇಷ್ಯಾ ಕಲ್ಲಿದ್ದಲು ದುಬಾರಿ ಆಯ್ತು ಅಂದ ದೊಡ್ಡ ದೊಡ್ಡ ವಿದ್ಯುತ್ ಕಂಪನಿಗಳಿಗೇ ಸುಪ್ರೀಂ ಕೋರ್ಟ್ ಇದನ್ನ ಒಪ್ಲಿಲ್ಲ. ಇನ್ನೊಂದು, ಸ್ಟ್ರೈಕ್ ಅನ್ನೋದು ಭೂಕಂಪದ ಥರ ರಾತ್ರೋರಾತ್ರಿ ಬರಲ್ಲ, ಸಾಮಾನ್ಯವಾಗಿ ಯೂನಿಯನ್ ಮೊದಲೇ ನೋಟಿಸ್ ಕೊಟ್ಟಿರುತ್ತೆ. ಅದು ಗೊತ್ತಿದ್ದೂ ಆಮೇಲೆ ಆರ್ಡರ್ ತಗೊಂಡಿದ್ರೆ ಊಹಿಸೋಕೆ ಆಗ್ಲಿಲ್ಲ ಅನ್ನೋ ಮಾತು ನಿಲ್ಲಲ್ಲ. ಕೆರೆ ಕೋಡಿ ಬಿದ್ದು ರಸ್ತೆ ಕೊಚ್ಚಿ ಹೋದಾಗ ಈ ಒಂದು ತಲೆನೋವು ಕಮ್ಮಿ.

ಮೂರನೇದು "ಅನಿರ್ದಿಷ್ಟಾವಧಿ". ಸ್ಟ್ರೈಕ್ ಯಾವತ್ತು ಮುಗಿಯುತ್ತೆ ಅಂತ ನಿಮಗೆ ಗೊತ್ತಿಲ್ಲ ಸರಿ, ಆದ್ರೆ ಮುಗಿದ ಮೇಲೆ ಎಷ್ಟು ದಿನ ಬೇಕು ಅನ್ನೋದು ಗೊತ್ತು. ಮಿಲ್ಲು ಮತ್ತೆ ಓಡಿ ನಿಮ್ಮ ರೀಲು ಸಿಗೋಕೆ 5 ದಿನ, ಲಾರಿ 3 ದಿನ, ನಿಮ್ಮ ಮಷೀನಲ್ಲಿ 6 ದಿನ, ಒಟ್ಟು ಹದಿನಾಲ್ಕು. ಅದನ್ನೇ ಬರೀರಿ. ಸುಮ್ನೆ ಅಂದಾಜಲ್ಲಿ ಒಂದು ಡೇಟ್ ಹಾಕಿದ್ರೆ ಅದೂ ತಪ್ಪಿ ಇನ್ನೊಂದು ನೋಟಿಸು ಬರೀಬೇಕಾಗುತ್ತೆ.

ಕೊನೆಗೆ ಕಳಿಸಿದ್ದು ಹೀಗಿತ್ತು:

"ನಮಗೆ ಪೇಪರ್ ಪೂರೈಸುವ ಮಿಲ್‌ನಲ್ಲಿ ಫೆಬ್ರವರಿ 9ರಿಂದ ಮುಷ್ಕರ ನಡೆಯುತ್ತಿದೆ. ನಿಮ್ಮ 20,000 ಬಾಕ್ಸ್‌ಗಳಲ್ಲಿ 6,000 ಬಾಕ್ಸ್ ಫೆಬ್ರವರಿ 25ರೊಳಗೆ ತಲುಪಿಸುತ್ತೇವೆ. ಉಳಿದ 14,000ಕ್ಕೆ ಮಾತ್ರ ಪಿಒದ ಫೋರ್ಸ್ ಮಜೂರ್ ಷರತ್ತಿನಡಿ ಸಮಯ ಕೇಳುತ್ತಿದ್ದೇವೆ. ಮಿಲ್ ಮತ್ತೆ ಶುರುವಾದ ದಿನದಿಂದ 14 ದಿನಗಳಲ್ಲಿ ಅವನ್ನು ತಲುಪಿಸುತ್ತೇವೆ. ಬೇರೆ ಮೂರು ಮಿಲ್‌ಗಳನ್ನು ವಿಚಾರಿಸಿದ ಪತ್ರಗಳು ಜೊತೆಗಿವೆ. ಹಳೆಯ ಪಿಒದ 4,000 ಬಾಕ್ಸ್‌ಗಳ ವಿಳಂಬ ಮುಷ್ಕರದಿಂದ ಆದದ್ದಲ್ಲ, ಅದಕ್ಕೆ ಷರತ್ತಿನಂತೆ ಕಡಿತ ಮಾಡಿಕೊಳ್ಳಬಹುದು. ನಿಮಗೆ ತುರ್ತಾಗಿದ್ದರೆ 14,000ದಲ್ಲಿ ಬೇಕಾದಷ್ಟನ್ನು ಬೇರೆ ಕಡೆ ಕೊಳ್ಳಿ, ಅಷ್ಟನ್ನು ಆರ್ಡರ್‌ನಿಂದ ಕಡಿಮೆ ಮಾಡಲು ನಮ್ಮ ಒಪ್ಪಿಗೆ ಇದೆ. ಪ್ರತಿ ಸೋಮವಾರ ಸ್ಥಿತಿ ತಿಳಿಸುತ್ತೇವೆ."

ಷರತ್ತಿನ ಪ್ರಕಾರ ಘಟನೆ ಆಗಿ 7 ದಿನದೊಳಗೆ ಲಿಖಿತವಾಗಿ ತಿಳಿಸ್ಬೇಕಿತ್ತು, ಅಂದ್ರೆ 16ನೇ ತಾರೀಕು. ಇವರು ನನ್ನ ಕೇಳಿದ್ದೇ 14ಕ್ಕೆ. ಪರ್ಚೇಸ್ ಮ್ಯಾನೇಜರಿಗೆ ಫೋನಲ್ಲಿ ಹೇಳಿದೀನಿ ಅಂತಿದ್ರು, ಫೋನಲ್ಲಿ ಹೇಳಿದ್ದು ಲಿಖಿತ ಅಲ್ಲ. 15ಕ್ಕೆ ಪಿಒದಲ್ಲಿದ್ದ ಮೇಲ್ ಐಡಿಗೆ ಒಂದು, ಸ್ಪೀಡ್ ಪೋಸ್ಟಲ್ಲಿ ಒಂದು ಹೋಯ್ತು. ಈ ಗಡುವು ದಾಟಿದ್ರೆ ಸ್ಟ್ರೈಕ್ ಎಷ್ಟೇ ನಿಜ ಇರ್ಲಿ, ಕ್ಲೈಂಟ್ ಕೈಗೆ ಒಂದು ನೆಪ ಕೊಟ್ಟಂಗೆ.

ದ್ರಾಕ್ಷಿ ವ್ಯಾಪಾರಿಗೆ ಈ ನೋಟಿಸ್ ಕಳಿಸ್ಲೇ ಇಲ್ಲ. ವಾಟ್ಸಾಪ್ ಆರ್ಡರಲ್ಲಿ ಷರತ್ತೇ ಇಲ್ಲ, ಫೋರ್ಸ್ ಮಜೂರ್ ಅಂತ ಬರೆದ್ರೆ ಅದು ಬರೀ ಹೆದರಿಸೋ ಪದ. ಜೊತೆಗೆ ದ್ರಾಕ್ಷಿ ಬಳ್ಳೀಲಿ ಮಾರ್ಚ್‌ವರೆಗೂ ಕಾಯ್ತಾ ಕೂರಲ್ಲ. ಓನರೇ ಬೈಕಲ್ಲಿ ಹೋಗಿ ಮುಖ ತೋರಿಸಿ ಮಾತಾಡಿದ್ರು. 1,800 ಕೊಡ್ತೀವಿ, ಉಳಿದ 4,200 ನಿಮಗೆ ಎಲ್ಲಿ ಸಿಗುತ್ತೋ ತಗೊಳಿ, ಅಡ್ವಾನ್ಸಲ್ಲಿ ಅದರ ಪಾಲು 14,000 ತಗೊಳಿ ಅಂತ. ಹೊರಗೆ ಬಾಕ್ಸಿಗೆ 3 ರೂಪಾಯಿ ಜಾಸ್ತಿ, ಒಟ್ಟು 12,600 ವ್ಯತ್ಯಾಸ. ಮಾತು ತಪ್ಪಿದೋರು ನಷ್ಟ ತುಂಬಿಕೊಡ್ಬೇಕು ಅನ್ನೋ ಅದೇ ಆಕ್ಟ್‌ನ ಸೆಕ್ಷನ್ 73ರಲ್ಲಿ ಅವರು ಪೂರ್ತಿ ಕೇಳಬಹುದಿತ್ತು. ಬೈದ್ರಂತೆ, ಆಮೇಲೆ ಅರ್ಧರ್ಧ ಅಂದ್ರಂತೆ, 6,300ಕ್ಕೆ ಮುಗೀತು, ವಾಟ್ಸಾಪಲ್ಲೇ ಇಬ್ಬರೂ ಓಕೆ ಹಾಕಿಕೊಂಡ್ರು.

ಮಿಲ್ ಗೇಟ್ ತೆಗೆದಿದ್ದು ಫೆಬ್ರವರಿ 21ಕ್ಕೆ. ಅವತ್ತೇ ಜ್ಯೂಸ್ ಫ್ಯಾಕ್ಟರಿಗೆ ಇನ್ನೊಂದು ಮೇಲ್ ಹೋಗ್ಬೇಕು ಅಂದಿದ್ದೆ, ತಡೆ ಮುಗೀತು, ಮಾರ್ಚ್ 7ರೊಳಗೆ ಮಾಲು ಅಂತ. ಇದನ್ನ ಬಹಳ ಜನ ಬರೆಯಲ್ಲ, ಸ್ಟ್ರೈಕ್ ಮುಗಿದಿದ್ದು ಪೇಪರಲ್ಲಿ ಓದಿ ಕ್ಲೈಂಟೇ ಫೋನ್ ಮಾಡೋವರೆಗೂ ಸುಮ್ನಿರ್ತಾರೆ. ಇವರು ಸಂಜೆ ಐದಕ್ಕೆ ಕಳಿಸಿದ್ರು. ಮಷೀನ್ ಕೆಟ್ಟು ಮಾಲು ಮಾರ್ಚ್ 8ಕ್ಕೆ ಹೋದ್ರೆ ಅಂತ ಕೇಳಿದ್ರು ಆಮೇಲೆ. ಆಗ ಆ ಒಂದು ದಿನ ನಿಮ್ದು, ಮಿಲ್‌ದಲ್ಲ.