1 ಟಿಬಿ ಡ್ರೈವ್‌ನಲ್ಲಿ 931 ಜಿಬಿ: ಉಳಿದದ್ದು ಎಲ್ಲಿಗೂ ಹೋಗಿಲ್ಲ

ಹೊಸ 1 ಟಿಬಿ ಡ್ರೈವ್ ತಂದು ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸಿದರೆ ತೆರೆಯ ಮೇಲೆ ಕಾಣುವುದು 931 ಜಿಬಿ. ಉಳಿದ 69 ಜಿಬಿ ಎಲ್ಲಿ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಕಂಪನಿಯವರು ಮೋಸ ಮಾಡಿದ್ದಾರೆ ಅನ್ನುವುದು ಒಂದು. ಫಾರ್ಮ್ಯಾಟ್ ಮಾಡಿದಾಗ ಅಷ್ಟು ಜಾಗ ಹೋಗುತ್ತದೆ ಅನ್ನುವುದು ಇನ್ನೊಂದು. ಎರಡೂ ತಪ್ಪು. ಎರಡನೆಯದನ್ನು ಕಂಪ್ಯೂಟರ್ ಬಲ್ಲವರೇ ಹೇಳುತ್ತಿರುತ್ತಾರೆ. ಹಾಗಾಗಿ ಜನ ಅದನ್ನು ಬೇಗ ನಂಬುತ್ತಾರೆ.

ಅದು ತಪ್ಪು ಅಂತ ನೋಡಲು ಸುಲಭವಾದ ದಾರಿಯಿದೆ. ಡ್ರೈವ್ ಅನ್ನು ಫಾರ್ಮ್ಯಾಟ್ ಮಾಡುವ ಮೊದಲೇ ವಿಂಡೋಸ್‌ನ Disk Management ತೆರೆದು ನೋಡಿ. ಆ ಡ್ರೈವ್‌ನಲ್ಲಿ ಇನ್ನೂ ಒಂದು ಗೆರೆಯನ್ನೂ ಯಾರೂ ಬರೆದಿಲ್ಲ. ಆದರೂ ಅದರ ಪಕ್ಕ 931.51 GB ಅಂತಲೇ ಇರುತ್ತದೆ. ಫಾರ್ಮ್ಯಾಟ್ ಆಗದ ಡ್ರೈವ್‌ನಲ್ಲೇ ಈ ಸಂಖ್ಯೆ ಬಂದ ಮೇಲೆ ಫಾರ್ಮ್ಯಾಟ್ ಅನ್ನು ದೂರುವುದು ಹೇಗೆ?

ಹಾಗಾದರೆ ಒಳಗೆ ನಿಜವಾಗಿ ಎಷ್ಟು ಜಾಗವಿದೆ? ಬೈಟ್‌ಗಳನ್ನೇ ಎಣಿಸೋಣ. ಲಿನಕ್ಸ್‌ನಲ್ಲಿ `sudo fdisk -l` ಅಂತ ಕೊಟ್ಟರೆ ಸಾಮಾನ್ಯ 1 ಟಿಬಿ ಹಾರ್ಡ್ ಡಿಸ್ಕ್ ಬಗ್ಗೆ ಇಂಥ ಸಾಲು ಬರುತ್ತದೆ:

```
Disk /dev/sdb: 931.51 GiB, 1000204886016 bytes, 1953525168 sectors
```

ಇಡೀ ವಿಷಯ ಈ ಒಂದು ಸಾಲಿನಲ್ಲೇ ಇದೆ. ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಾಗಿ ಎಣಿಸುತ್ತದೆ. ಇಲ್ಲಿ ಒಂದೊಂದು ಸೆಕ್ಟರ್‌ಗೆ 512 ಬೈಟ್. ಅಂಥವು 195 ಕೋಟಿಗಿಂತ ಸ್ವಲ್ಪ ಜಾಸ್ತಿ ಇವೆ. ಎರಡನ್ನೂ ಗುಣಿಸಿದರೆ ನಡುವೆ ಇರುವ ಬೈಟ್‌ಗಳ ಸಂಖ್ಯೆ ಬರುತ್ತದೆ. ಅದು ಒಂದು ಲಕ್ಷ ಕೋಟಿಯ ಮೇಲೆ ಇನ್ನೂ 20 ಕೋಟಿ. ಟೆರಾ ಅಂದರೆ ಒಂದು ಲಕ್ಷ ಕೋಟಿ. ಅಂದ ಮೇಲೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಕೊಟ್ಟಿಲ್ಲ, ತುಸು ಹೆಚ್ಚೇ ಕೊಟ್ಟಿದೆ.

ಈಗ ಇದೇ ಸಂಖ್ಯೆಯನ್ನು ವಿಂಡೋಸ್ ಏನು ಮಾಡುತ್ತದೆ ನೋಡಿ. ಅದು ಸಾವಿರದಿಂದ ಭಾಗಿಸುವುದಿಲ್ಲ, 1024ರಿಂದ ಭಾಗಿಸುತ್ತದೆ. ಮೊದಲ ಸಲ ಭಾಗಿಸಿದಾಗ 97,67,62,584 ಬರುತ್ತದೆ. ಇನ್ನೊಂದು ಸಲಕ್ಕೆ ಸುಮಾರು 9,53,870. ಮೂರನೆಯ ಸಲಕ್ಕೆ 931.51. ಅಲ್ಲಿಗೆ ನಿಲ್ಲಿಸಿ, ಪಕ್ಕದಲ್ಲಿ GB ಅಂತ ಬರೆಯುತ್ತದೆ. ಮೈಲಿಯಲ್ಲಿ ಅಳೆದು ಕಿಲೋಮೀಟರ್ ಅಂತ ಬರೆದ ಹಾಗೆ ಇದು. 100 ಕಿಲೋಮೀಟರ್ ದಾರಿಗೆ ಫಲಕದಲ್ಲಿ "62 ಕಿ.ಮೀ." ಅಂತ ಇದ್ದರೆ ದಾರಿಯೇನೂ ಚಿಕ್ಕದಾಗಲಿಲ್ಲ, ಅಲ್ವಾ? ಫಲಕದ ಮೇಲಿನ ಅಳತೆಯ ಹೆಸರು ತಪ್ಪಾಗಿದೆ, ಅಷ್ಟೇ.

ಈ ತಪ್ಪು ಹೆಸರಿಗೆ ಒಂದು ಹಳೆಯ ಕಾರಣವಿದೆ. ಕಂಪ್ಯೂಟರ್‌ನ ಮೆಮೊರಿ ಚಿಪ್‌ನಲ್ಲಿ ಪ್ರತಿ ಜಾಗಕ್ಕೂ ಒಂದು ವಿಳಾಸ ಬೇಕು. ಆ ವಿಳಾಸ ತಂತಿಗಳ ಮೂಲಕ ಹೋಗುತ್ತದೆ. ಒಂದು ತಂತಿಯಲ್ಲಿ ವಿದ್ಯುತ್ ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿ. ಹಾಗಾಗಿ ಒಂದು ತಂತಿ ಹೆಚ್ಚಿಸಿದಾಗಲೆಲ್ಲ ತಲುಪಬಹುದಾದ ಜಾಗಗಳು ದುಪ್ಪಟ್ಟಾಗುತ್ತವೆ. ಎರಡು, ನಾಲ್ಕು, ಎಂಟು ಹೀಗೆ ಸಾಗಿ ಹತ್ತನೆಯ ತಂತಿಗೆ 1024 ಆಗುತ್ತದೆ. ಸರಿಯಾಗಿ ಸಾವಿರ ಜಾಗದ ಚಿಪ್ ಮಾಡಿದರೆ 24 ವಿಳಾಸ ಸುಮ್ನೆ ವ್ಯರ್ಥ. 1024 ಸಾವಿರಕ್ಕೆ ಹತ್ತಿರವೇ ಇದೆಯಲ್ಲ ಅಂತ ಎಂಜಿನಿಯರ್‌ಗಳು ಅದನ್ನೇ ಕಿಲೋ ಅಂದರು. ಆಗ ತಪ್ಪುತ್ತಿದ್ದದ್ದು ನೂರಕ್ಕೆ ಎರಡರಷ್ಟು ಮಾತ್ರ.

ಡಿಸ್ಕ್‌ಗೆ ಈ ಬಂಧನ ಇಲ್ಲ. ತಟ್ಟೆಗಳು ಎಷ್ಟು, ಒಂದು ತಟ್ಟೆಯಲ್ಲಿ ಎಷ್ಟು ವೃತ್ತ, ಒಂದು ವೃತ್ತದಲ್ಲಿ ಎಷ್ಟು ಸೆಕ್ಟರ್ ಅನ್ನುವುದರ ಮೇಲೆ ಅದರ ಜಾಗ ನಿಂತಿದೆ. ಇವು ಯಾವ ಸಂಖ್ಯೆಯಾದರೂ ಆಗಬಹುದು. 1956ರಲ್ಲಿ ಬಂದ ಐಬಿಎಂ 350 ಎಂಬ ಮೊದಲ ಡಿಸ್ಕ್ ಡ್ರೈವ್ ಅನ್ನೇ 50 ಲಕ್ಷ ಅಕ್ಷರ ಹಿಡಿಯುತ್ತದೆ ಅಂತ ನೇರ ದಶಮಾಂಶದಲ್ಲಿ ಹೇಳಿದ್ದರು. ಮಾರಾಟ ಹೆಚ್ಚಲಿ ಅಂತ ಡ್ರೈವ್ ಕಂಪನಿಗಳು ಆಮೇಲೆ ಹತ್ತರ ಲೆಕ್ಕ ಕಂಡುಹಿಡಿದವು ಅನ್ನುವ ಮಾತು ಇತಿಹಾಸಕ್ಕೆ ಹೊಂದುವುದಿಲ್ಲ. ಎರಡೂ ಲೆಕ್ಕ ಕಲಸಿಹೋದ ಉದಾಹರಣೆ ಬೇಕಿದ್ದರೆ ಹಳೆಯ 1.44 ಎಂಬಿ ಫ್ಲಾಪಿ ನೋಡಿ. ಅದರಲ್ಲಿದ್ದದ್ದು 1440 × 1024 ಬೈಟ್. ಒಂದು ಸಲ 1024, ಇನ್ನೊಂದು ಸಲ 1000! ಆ 1.44 ಯಾವ ಲೆಕ್ಕದಲ್ಲೂ ಸರಿಯಲ್ಲ.

ಕಿಲೋ ಮಟ್ಟದ ಸಣ್ಣ ತಪ್ಪು ಮೇಲೆ ಹೋದಂತೆ ಬೆಳೆಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಮತ್ತೊಮ್ಮೆ 1024ರಿಂದ ಭಾಗಿಸುತ್ತೇವಲ್ಲ. ಜಿಬಿಗೆ ಬರುವಾಗ ನೂರಕ್ಕೆ ಸುಮಾರು 7ರಷ್ಟು ಕಡಿಮೆ ಕಾಣುತ್ತದೆ, ಟಿಬಿಗೆ ಬರುವಾಗ 9ರಷ್ಟು. 1 ಟಿಬಿ ಡ್ರೈವ್ ಅನ್ನು ವಿಂಡೋಸ್ ಜಿಬಿಯಲ್ಲಿ ತೋರಿಸುತ್ತದೆ, ಹಾಗಾಗಿ 7ರಷ್ಟೇ ಕೊರತೆ. 2 ಟಿಬಿ ಡ್ರೈವ್ ಆದರೆ ಟಿಬಿಯಲ್ಲೇ 1.81 ಅಂತ ತೋರಿಸುತ್ತದೆ. ದೊಡ್ಡ ಡ್ರೈವ್‌ನಲ್ಲಿ ಕಳವು ಜಾಸ್ತಿ ಅಂತ ಕೆಲವರಿಗೆ ಅನ್ನಿಸುವುದು ಇದರಿಂದಲೇ.

ಗೊಂದಲ ಬಿಡಿಸಲು 1998ರಲ್ಲಿ ಐಇಸಿ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ, ಟೆಬಿ ಅಂತ ಬೇರೆ ಹೆಸರು ಕೊಟ್ಟಿತು. ಮೇಲಿನ ಸಾಲಿನಲ್ಲಿ GiB ಅಂತ ಇರುವುದು ಅದೇ ಗಿಬಿಬೈಟ್. ಆಪಲ್ 2009ರಲ್ಲಿ ಮ್ಯಾಕ್ ಕಂಪ್ಯೂಟರ್‌ಗಳನ್ನು ಸಾವಿರದ ಲೆಕ್ಕಕ್ಕೆ ತಂದಿತು. ಅದೇ ಡ್ರೈವ್ ಅಲ್ಲಿ 1 ಟಿಬಿ ಅಂತಲೇ ಕಾಣುತ್ತದೆ. ವಿಂಡೋಸ್ ಮಾತ್ರ ಇಂದಿಗೂ 1024ರಿಂದ ಭಾಗಿಸಿ GB ಅಂತ ಬರೆಯುತ್ತಿದೆ. ನನ್ನ ಪ್ರಕಾರ ಸರಿಪಡಿಸಬೇಕಾದದ್ದು ಇದನ್ನೇ. ಡ್ರೈವ್ ಪೆಟ್ಟಿಗೆಯ ಮೇಲಿನ ಅಂಕಿ ಸರಿಯಾಗಿಯೇ ಇದೆ.

ಹಾಗಂತ ಫೈಲ್ ಸಿಸ್ಟಮ್ ಜಾಗವನ್ನೇ ತೆಗೆದುಕೊಳ್ಳುವುದಿಲ್ಲ ಅಂತಲ್ಲ. ಯಾವ ಫೈಲ್ ಎಲ್ಲಿದೆ ಅಂತ ಬರೆದಿಡಲು ಅದಕ್ಕೂ ಜಾಗ ಬೇಕು. ವಿಂಡೋಸ್‌ನ NTFSನಲ್ಲಿ ಖಾಲಿ ಡ್ರೈವ್‌ಗೆ ಅದು ತೀರಾ ಕಡಿಮೆ. ಲಿನಕ್ಸ್‌ನ ext4ನಲ್ಲಿ ಮಾತ್ರ ಕಣ್ಣಿಗೆ ಕಾಣುವಷ್ಟಿದೆ. ಅದು ಫೈಲ್‌ಗಳ ಪಟ್ಟಿಗೆ ಮೊದಲೇ ಜಾಗ ಕಟ್ಟಿಡುತ್ತದೆ. ಹಾಗಾಗಿ ಖಾಲಿ ಡ್ರೈವ್‌ನಲ್ಲಿ `df -h` ಕೊಟ್ಟರೆ 931ರ ಬದಲು 916 ಕಾಣುತ್ತದೆ. ಬಳಸಲು ಸಿಗುವುದು 870ರ ಸುಮಾರು. ಡ್ರೈವ್ ಪೂರ್ತಿ ತುಂಬಿ ಕಂಪ್ಯೂಟರ್ ನಿಂತುಹೋಗದಿರಲಿ ಅಂತ ನೂರಕ್ಕೆ 5ರಷ್ಟನ್ನು ಅಡ್ಮಿನ್‌ಗಾಗಿ ಎತ್ತಿಟ್ಟಿರುತ್ತದೆ. ಬರೀ ಫೋಟೊ, ವಿಡಿಯೊ ಇಡುವ ಡ್ರೈವ್‌ಗೆ ಅಷ್ಟು ಬೇಕಿಲ್ಲ. ಡ್ರೈವ್‌ನ ಹೆಸರು ಸರಿಯಾಗಿ ನೋಡಿಕೊಂಡು ಅದನ್ನು 1ಕ್ಕೆ ಇಳಿಸಬಹುದು:

```
sudo tune2fs -m 1 /dev/sdb1
```

ಇಷ್ಟಾದ ಮೇಲೂ ನಿಮ್ಮ 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931ಕ್ಕಿಂತ ತುಂಬಾ ಕಡಿಮೆ, ಒಂದು 700 ಅಂತ ತೋರಿಸಿದರೆ ಕಾರಣ ಬೇರೆ. Disk Managementನಲ್ಲಿ ಆ ಡಿಸ್ಕ್‌ನ ಇಡೀ ಪಟ್ಟಿ ನೋಡಿ. ಎಡಗಡೆ ಡಿಸ್ಕ್‌ನ ಒಟ್ಟು ಅಳತೆ 931.51 ಇದ್ದು, ಬಲಗಡೆ ಅದು ಹಲವು ಭಾಗಗಳಾಗಿ ಒಡೆದಿದ್ದರೆ ಉಳಿದ ಜಾಗ ಇನ್ನೊಂದು ಪಾರ್ಟಿಶನ್‌ನಲ್ಲಿದೆ, ಇಲ್ಲವೇ ಯಾವ ಪಾರ್ಟಿಶನ್‌ಗೂ ಸೇರದೆ Unallocated ಅಂತ ಬಿದ್ದಿದೆ. ಎಡಗಡೆಯ ಒಟ್ಟು ಅಳತೆಯೇ ಅಷ್ಟು ಕಡಿಮೆ ಇದ್ದರೆ ಮಾತ್ರ ಡ್ರೈವ್ ಕೊಟ್ಟವರನ್ನು ಕೇಳಬೇಕು.