ನಾಲ್ಕು ಹೊಲದ ಕಟಾವು, ಇಡೀ ಪಂಚಾಯಿತಿಯ ಇಳುವರಿ

ವಿಜಯಪುರ ಜಿಲ್ಲೆಯಲ್ಲಿ ಹಿಂಗಾರಿ ಜೋಳದ ವಿಮೆ ಹಣ ಜಮಾ ಆದಾಗ ಕೇಳಿಬರುವ ತಕರಾರು ಒಂದೇ. "ಬಾಜೂ ಪಂಚಾಯ್ತಿಗೆ ಬಂತು, ನಮಗ್ಯಾಕ ಬರಲಿಲ್ರೀ?" ಉತ್ತರವಾಗಿ ಕಚೇರಿಯವರು ಒಂದು ಅಂಕಿ ಹೇಳುತ್ತಾರೆ: ಹೆಕ್ಟೇರಿಗೆ ಇಷ್ಟು ಕಿಲೋ. ಆ ಅಂಕಿ ಎಷ್ಟು ಗಟ್ಟಿ ಎಂಬುದು ಮಾತ್ರ ಚರ್ಚೆಗೆ ಬರುವುದೇ ಇಲ್ಲ.

ಹೊಲದ ಒಂದು ತುಂಡನ್ನು ಕೊಯ್ದು ಇಡೀ ಸೀಮೆಯ ಬೆಳೆ ಅಂದಾಜು ಮಾಡುವ ಪದ್ಧತಿ ನಮ್ಮ ದೇಶದಲ್ಲಿ 1920ರ ದಶಕದಲ್ಲೇ ಬಿಹಾರ–ಒಡಿಶಾದ ಭತ್ತದ ಗದ್ದೆಗಳಲ್ಲಿ ಶುರುವಾಗಿತ್ತು. ಮುಂದೆ ಬಂಗಾಳದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅದನ್ನು ಬೆಳೆಸಿದರು. ತುಂಡು ತೀರಾ ಸಣ್ಣದಾದರೆ ಅಂಚಿನ ಗಿಡಗಳೂ ಒಳಗೆ ಸೇರಿ ಇಳುವರಿ ಹೆಚ್ಚು ಕಾಣುತ್ತದೆ ಎಂದು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಸುಖಾತ್ಮೆ ವಾದಿಸಿದರು. 1937ರಲ್ಲಿ ನೇಮನ್ ಎಂಬ ಗಣಿತಜ್ಞ ಇಂಥ ಅಂದಾಜಿನ ಎರಡೂ ಬದಿಗೆ ಗಡಿ ಹಾಕುವ ದಾರಿ ತೋರಿಸಿದರು. ಅದಕ್ಕೆ ಕಾನ್ಫಿಡೆನ್ಸ್ ಇಂಟರ್ವಲ್ ಎನ್ನುತ್ತಾರೆ. ದೇಶಮಟ್ಟದ ಬೆಳೆ ವಿಮೆ ಬಂದದ್ದು 1985ರಲ್ಲಿ. 1999ರಲ್ಲಿ ಯೋಜನೆ ಬದಲಾಯಿತು, 2016ರಲ್ಲಿ ಫಸಲ್ ಬಿಮಾ ಬಂತು.

ಗಂಟು ಬಿಗಿಯಾದದ್ದು ಈ ಕೊನೆಯ ಘಟ್ಟದಲ್ಲಿ. ದೊಡ್ಡ ಪ್ರದೇಶವನ್ನು ವಿಮೆಯ ಲೆಕ್ಕಕ್ಕೆ ಒಂದೇ ಘಟಕ ಮಾಡಿದಾಗ, ಮಳೆ ಆದ ಊರು ಮತ್ತು ಆಗದ ಊರು ಒಂದೇ ಸರಾಸರಿಯಲ್ಲಿ ಮುಚ್ಚಿಹೋಗುತ್ತಿದ್ದವು. ಆದ್ದರಿಂದ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ಘಟಕ ಮಾಡಿದರು. ರೈತರೂ ಅದನ್ನೇ ಬೇಡಿದ್ದರು, ಬೇಡಿಕೆ ನ್ಯಾಯವಾಗಿಯೇ ಇತ್ತು. ಆದರೆ ತಾಲೂಕು ಘಟಕವಾದರೆ 16 ಕಟಾವು, ಹೋಬಳಿಗೆ 10, ಪಂಚಾಯಿತಿಗೆ ಮುಖ್ಯ ಬೆಳೆಗೆ ಕನಿಷ್ಠ 4 ಎಂಬುದು ನಿಯಮ. ಅಂಕಿ ನಮ್ಮ ಹೊಲಕ್ಕೆ ಹತ್ತಿರ ಬಂತು, ಅದಕ್ಕೆ ಆಧಾರವಾದ ಕಟಾವು ಕಡಿಮೆಯಾಯಿತು.

ಲೆಕ್ಕ ಹಾಕಿ ನೋಡೋಣ. ಡೋಣಿ ಬಯಲಿನ ಒಂದು ಪಂಚಾಯಿತಿ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ. ಚೀಟಿ ಎತ್ತಿದ ಹಾಗೆ ನಾಲ್ಕು ಹೊಲ ಆರಿಸಿ, ಪ್ರತಿಯೊಂದರಲ್ಲೂ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡು ಕೊಯ್ದು ಒಕ್ಕಿ ತೂಗಿದರು. ಒಣಗಿದ ಕಾಳು 2.0, 3.1, 1.6 ಮತ್ತು 2.5 ಕಿಲೋ ಬಂತು. ಸರಾಸರಿ 2.3 ಕಿಲೋ. ತುಂಡು ಹೆಕ್ಟೇರಿನ ನಾನೂರನೇ ಒಂದು ಭಾಗವಾದ್ದರಿಂದ 400ರಿಂದ ಗುಣಿಸಿದರೆ ಹೆಕ್ಟೇರಿಗೆ 920 ಕಿಲೋ. ಸರಾಸರಿ ಯಾವ ಮಟ್ಟಕ್ಕಿಂತ ಕೆಳಗಿಳಿದರೆ ಪರಿಹಾರ ಸಿಗುತ್ತದೋ ಆ ಖಾತರಿ ಇಳುವರಿ 1,000 ಕಿಲೋ ಇದ್ದರೆ ಕೊರತೆ ನೂರಕ್ಕೆ 8. ವಿಮಾ ಮೊತ್ತ ಹೆಕ್ಟೇರಿಗೆ 30,000 ರೂಪಾಯಿ ಇದ್ದರೆ ಪರಿಹಾರ 2,400 ರೂಪಾಯಿ.

ಈಗ ಆ ನಾಲ್ಕು ತೂಕಗಳನ್ನು ಮತ್ತೆ ನೋಡಿ. ಒಂದು 1.6, ಇನ್ನೊಂದು ಅದರ ಹತ್ತಿರ ಹತ್ತಿರ ಎರಡರಷ್ಟು. ಚೀಟಿಯಲ್ಲಿ ಬೇರೆ ನಾಲ್ಕು ಹೊಲ ಬಂದಿದ್ದರೆ ಸರಾಸರಿಯೂ ಬೇರೆಯಾಗುತ್ತಿತ್ತು. ತೂಕಗಳಲ್ಲಿರುವ ಈ ಏರುಪೇರಿನಿಂದಲೇ ಗಡಿ ಹಾಕಬಹುದು. ನೂರಕ್ಕೆ 95ರ ಭರವಸೆಯ ಗಡಿ ಇಲ್ಲಿ ಸುಮಾರು 510 ಕಿಲೋದಿಂದ 1,330 ಕಿಲೋವರೆಗೆ. ಅಂದರೆ ಖಾತರಿ ಇಳುವರಿಯ 1,000 ಕಿಲೋ ಇದರೊಳಗೇ ಬಂತು. ಪಂಚಾಯಿತಿಗೆ ನಿಜವಾಗಿ ಕೊರತೆ ಆಗಿದೆಯೋ ಇಲ್ಲವೋ ಎಂದು ಈ ನಾಲ್ಕು ಕಟಾವಿನಿಂದ ಖಚಿತವಾಗಿ ಹೇಳಲಾಗದು. ಏರುಪೇರು ಇಷ್ಟೇ ಇದ್ದು, ಸರಾಸರಿಯೂ ಇದೇ ಬಂದು, 16 ಕಟಾವು ಆಗಿದ್ದರೆ ಗಡಿ 780ರಿಂದ 1,060ಕ್ಕೆ ಕಿರಿದಾಗುತ್ತಿತ್ತು. ಆಗಲೂ 1,000 ಒಳಗೇ ಇರುತ್ತದೆ, ಆದರೆ ಅನುಮಾನ ಎಷ್ಟೋ ಕಡಿಮೆ.

ನೂರಕ್ಕೆ 95 ಎಂದರೇನು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ನೂರರಲ್ಲಿ 95 ರೈತರ ಇಳುವರಿ ಈ ಗಡಿಯೊಳಗೆ ಇರುತ್ತದೆ ಎಂದಲ್ಲ. "ನನ್ನ ಹೊಲದಾಗ ಮೂರೇ ಕ್ವಿಂಟಲ್ ಬಂತು, ನಿಮ್ಮ ಲೆಕ್ಕ ಸುಳ್ಳು" ಎನ್ನುವ ರೈತನ ನಷ್ಟ ನಿಜ. ಆದರೆ ಈ ಗಡಿ ಇರುವುದು ಪಂಚಾಯಿತಿಯ ಸರಾಸರಿಗೆ, ಅವನ ಹೊಲಕ್ಕಲ್ಲ. ಹೀಗೆ ತಿಳಿಯಬೇಕು: ಚೀಟಿ ಎತ್ತುವುದರಿಂದ ಹಿಡಿದು ಗಡಿ ಹಾಕುವತನಕ ಇದೇ ಕೆಲಸವನ್ನು ನೂರು ಸಲ ಹೊಸದಾಗಿ ಮಾಡಿದರೆ, ಸುಮಾರು 95 ಸಲ ಪಂಚಾಯಿತಿಯ ನಿಜವಾದ ಸರಾಸರಿ ಗಡಿಯೊಳಗೆ ಸಿಗುತ್ತದೆ, ಐದು ಸಲ ತಪ್ಪಿಹೋಗುತ್ತದೆ. ನಮ್ಮದು ಯಾವ ಸಲದ್ದೆಂದು ಹೇಳಲಾಗದು.

ಈ ಭರವಸೆ ನಿಂತಿರುವುದು ಚೀಟಿಯ ಮೇಲೆ. ಬಂದ ಸರ್ವೆ ನಂಬರಿನ ಹೊಲ ದೂರ, ಎರೆ ಮಣ್ಣಿನ ಕೆಸರು ಎಂದು ರಸ್ತೆ ಬದಿಯ ಹೊಲದಲ್ಲಿ ಕೊಯ್ದರೆ, ಅಥವಾ ಹೊಲದೊಳಗೆ ಚೆನ್ನಾಗಿ ತೆನೆ ಬಂದ ಜಾಗ ಹುಡುಕಿ ಹಗ್ಗ ಹಿಡಿದರೆ, ತೂಕಗಳು ಒಂದಕ್ಕೊಂದು ಹತ್ತಿರ ಬಂದು ಗಡಿ ಕಿರಿದಾಗಿ ಚಂದ ಕಾಣಬಹುದು. ಆ ಚಂದಕ್ಕೆ ಬೆಲೆಯಿಲ್ಲ, ಯಾಕೆಂದರೆ ಸೂತ್ರ ಅಳೆಯುವುದು ಚೀಟಿಯ ಅದೃಷ್ಟವನ್ನು ಮಾತ್ರ, ಆಯ್ಕೆಯ ವಾಲಿಕೆಯನ್ನಲ್ಲ. ಅದನ್ನು ಹಿಡಿಯಲು ಆಯ್ಕೆಯಾದ ಸರ್ವೆ ನಂಬರುಗಳ ಪಟ್ಟಿಯನ್ನು ಕೊಯ್ದ ಜಾಗದ ಜಿಪಿಎಸ್ ಫೋಟೊ ಜೊತೆ ಇಟ್ಟು ನೋಡಬೇಕು. ಪರಿಹಾರದ ಅಂಕಿ ಪ್ರಕಟಿಸುವಾಗ ಆ ಪಟ್ಟಿಯನ್ನೂ ನಾಲ್ಕು ತೂಕಗಳನ್ನೂ ಪಂಚಾಯಿತಿ ಕಚೇರಿಯ ಬೋರ್ಡಿಗೆ ಹಚ್ಚಲು ಒಂದು ಹಾಳೆ ಸಾಕು.